ಆರು ಎಂ.ಎಲ್. ಯಾರ ಕಣ್ಣಿಗೂ ಏಕೆ ಬೀಳಲಿಲ್ಲ?

"ಕಳೆದ ಸಂಚಿಕೆಯ ನರ್ಸ್ ಕಥೆ ಓದಿದೆ. ಡಾಕ್ಟರು ಮಗುವಿಗೆ ಸರಿಯಾಗಿ ಹತ್ತೇ ಪಟ್ಟು ಹೆಚ್ಚು ಔಷಧಿ ಬರೆದುಬಿಡುವುದು ಕಥೆಗಾಗಿ ಹೊಂದಿಸಿಕೊಂಡಂತೆ ಕಂಡಿತು. ಅಷ್ಟು ದೊಡ್ಡ ತಪ್ಪು ನೋಡಿದ ಕೂಡಲೇ ಗೊತ್ತಾಗುವುದಿಲ್ಲವೇ? ಅದನ್ನು ಹಿಡಿಯಲು ಆ ಸಿಸ್ಟರ್ ಒಂದು ಪುಟ ಲೆಕ್ಕ ಹಾಕಬೇಕಿತ್ತೇ?"
— ಒಬ್ಬ ಓದುಗರು, ದಾವಣಗೆರೆ

ಮಾನ್ಯರೇ,

ಹಸ್ತಪ್ರತಿ ಕೈಗೆ ಬಂದಾಗ ನನಗೂ ಇದೇ ಅನುಮಾನ ಬಂದಿತ್ತು. ನನ್ನ ಚಿಕ್ಕಮ್ಮ ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಸಿಸ್ಟರ್ ಆಗಿದ್ದವರು. ಕಥೆಯನ್ನು ಅವರಿಗೆ ಓದಲು ಕೊಟ್ಟೆ. ಓದಿ ಮುಗಿಸಿದವರು ಏನೂ ಹೇಳದೆ ಮನೆಯಲ್ಲಿದ್ದ ಎರಡು ಸಿರಿಂಜ್ ತಂದು, ಸೂಜಿಯಿಲ್ಲದೆಯೇ ಲೋಟದಿಂದ ನೀರೆಳೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಚಿಕ್ಕದರಲ್ಲಿ 0.6 ಎಂ.ಎಲ್., ದೊಡ್ಡದರಲ್ಲಿ 6 ಎಂ.ಎಲ್. "ಮಗುವಿಗೆ ಕುಡಿಸೋ ಔಷಧಿ ಇದರಲ್ಲಿ ಯಾವುದು ಅಂತ ಹೇಳು" ಎಂದರು. ನಾನು ದೊಡ್ಡದನ್ನು ತೋರಿಸಿದೆ.

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಆರು ಎಂ.ಎಲ್. ಅಂದರೆ ಒಂದು ಚಮಚಕ್ಕಿಂತ ಚೂರು ಜಾಸ್ತಿ. ಜ್ವರಕ್ಕೆ, ಕೆಮ್ಮಿಗೆ ಮಕ್ಕಳಿಗೆ ನಾವು ಕುಡಿಸುವ ಸಿರಪ್ಪು ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ, ನೋಡಿದ ಯಾವ ತಾಯಿಯೂ ಗಾಬರಿಯಾಗುವುದಿಲ್ಲ. ಸರಿಯಾದ 0.6 ಎಂ.ಎಲ್. ಸಿರಿಂಜಿನ ತಳದಲ್ಲಿ ನಿಂತ ನಾಲ್ಕು ಹನಿಯಂತೆ ಕಾಣುತ್ತದೆ, ಇಷ್ಟೇನಾ ಎಂದು ಕೇಳಬೇಕೆನಿಸುತ್ತದೆ. ದೊಡ್ಡವರಿಗೆ ಹತ್ತು ಪಟ್ಟು ಕೊಡಬೇಕಾದರೆ ಹತ್ತು ಮಾತ್ರೆ ಎಣಿಸಬೇಕು ಅಥವಾ ಹತ್ತು ಆಂಪೂಲ್ ಒಡೆಯಬೇಕು, ಮೂರನೆಯದಕ್ಕೇ ಕೈ ತಡೆಯುತ್ತದೆ. ಕೂಸಿನ ವಿಷಯದಲ್ಲಿ ಹತ್ತು ಪಟ್ಟೂ ಅದೇ ಬಾಟಲಿಯಿಂದ, ಒಂದೇ ಸಿರಿಂಜಿನಲ್ಲಿ ಬಂದುಬಿಡುತ್ತದೆ. ತಡೆಯುವ ವಸ್ತು ಯಾವುದೂ ಅಡ್ಡ ಬರುವುದಿಲ್ಲ.

ಇನ್ನು, ಒಂಬತ್ತಲ್ಲ, ಹನ್ನೆರಡಲ್ಲ, ಹತ್ತೇ ಏಕೆ? ಕಥೆಯ ಮಗುವಿಗೆ ಏಳು ತಿಂಗಳು, ತೂಕ 6 ಕೆ.ಜಿ. ಹೃದಯದ ಗೋಡೆಯಲ್ಲಿ ತೂತಿದ್ದು, ಹಾಲು ಕುಡಿಯುವಾಗಲೇ ಏದುಸಿರು ಬಿಡುವ ಕೂಸು. ಅದಕ್ಕೆ ಕೊಡುವುದು ಡಿಜಾಕ್ಸಿನ್ ಎಂಬ ಔಷಧಿ. ಡ್ಯೂಟಿ ಡಾಕ್ಟರ ಮನಸ್ಸಿನಲ್ಲಿದ್ದ ಡೋಸ್ ಸರಿಯಾಗಿಯೇ ಇತ್ತು, 30 ಮೈಕ್ರೋಗ್ರಾಂ. ಕೇಸ್ ಶೀಟಿನಲ್ಲಿ ಬರೆಯುವಾಗ ಅದನ್ನು ಮಿಲಿಗ್ರಾಂಗೆ ತಿರುಗಿಸಿದರು. 0.03 ಆಗಬೇಕಿದ್ದದ್ದು 0.3 ಆಯಿತು. ಬಿಂದುವಿನ ಪಕ್ಕದ ಒಂದು ಸೊನ್ನೆ ಬಿಟ್ಟುಹೋದರೆ ತಪ್ಪು ಹತ್ತೇ ಪಟ್ಟು ಆಗುತ್ತದೆ, ಬೇರೆ ಆಗಲು ಸಾಧ್ಯವೇ ಇಲ್ಲ. ಮೈಕ್ರೋಗ್ರಾಂನಲ್ಲೇ "30" ಎಂದು ಬರೆದಿದ್ದರೆ ಕಳೆದುಹೋಗಲು ಅಲ್ಲಿ ಬಿಂದುವೇ ಇರುತ್ತಿರಲಿಲ್ಲ. ಒಂದು ಎಂಬುದನ್ನು 1.0 ಎಂದು ಬರೆದಾಗ ಬಿಂದು ಮಸುಕಾಗಿ ಹತ್ತು ಎಂದು ಓದಿಸಿಕೊಳ್ಳುವುದೂ ಇದೇ ಜಾತಿಯ ತಪ್ಪು.

ಲೆಕ್ಕದ ಪುಟದ ಬಗ್ಗೆ ನೀವು ಬೇಸರಪಟ್ಟಿದ್ದೀರಿ. ಆ ಪುಟವನ್ನು ಉಳಿಸಲೇಬೇಕೆಂದು ಹಟ ಹಿಡಿದದ್ದು ನಾನು. ಆ ಸಿಸ್ಟರಿಗೆ ಏನೋ ಅನುಮಾನ ಬಂದು, ಎದೆ ಝಲ್ಲೆಂದು ತಪ್ಪು ಹೊಳೆಯಲಿಲ್ಲ. ಅವಳಿಗೆ ಒಂದು ರೂಢಿಯಿತ್ತು. ಡಾಕ್ಟರು ಬರೆದ ಅಂಕಿ ನೋಡುವ ಮೊದಲು ಮಗುವಿನ ತೂಕ ನೋಡಿ ತಾನೇ ಡೋಸ್ ಕಟ್ಟುತ್ತಾಳೆ. ಆ ವಯಸ್ಸಿಗೆ ಒಂದು ಹೊತ್ತಿಗೆ ಕೆ.ಜಿ.ಗೆ 5 ಮೈಕ್ರೋಗ್ರಾಂ, ಆರು ಕೆ.ಜಿ.ಗೆ 30. ಬಾಟಲಿಯ ಲೇಬಲ್ಲಿನಲ್ಲಿ ಒಂದು ಎಂ.ಎಲ್.ಗೆ 50 ಮೈಕ್ರೋಗ್ರಾಂ ಎಂದಿದೆ. ಹಾಗಾದರೆ 0.6 ಎಂ.ಎಲ್. ಆಮೇಲೆ ಶೀಟು ನೋಡುತ್ತಾಳೆ. ಅಲ್ಲಿರುವ 0.3 ಮಿಲಿಗ್ರಾಂ ಅಂದರೆ 300 ಮೈಕ್ರೋಗ್ರಾಂ, 6 ಎಂ.ಎಲ್. (ಇದು ಕಥೆಯ ಮಗುವಿನ ಲೆಕ್ಕ, ನಿಜವಾದ ಮಗುವಿಗೆ ಡೋಸ್ ಅದರ ವೈದ್ಯರೇ ಹೇಳಬೇಕು.)

ಆಗಲೂ ಅವಳು ತಪ್ಪೆಂದು ತೀರ್ಮಾನಿಸುವುದಿಲ್ಲ. ಅದು ಅವಳ ಅನುಭವ. ಈ ಔಷಧಿಯನ್ನು ಹೊಸದಾಗಿ ಶುರುಮಾಡುವಾಗ ಕೆಲವೊಮ್ಮೆ ಮೊದಲ ದಿನ ಹೆಚ್ಚಿಗೆ ಕೊಡುತ್ತಾರೆ, ಅದಕ್ಕೆ ಲೋಡಿಂಗ್ ಡೋಸ್ ಎನ್ನುತ್ತಾರೆ. ಅದೇ ಇರಬಹುದೇ ಎಂದು ಅದನ್ನೂ ಲೆಕ್ಕ ಹಾಕುತ್ತಾಳೆ. ಕೆ.ಜಿ.ಗೆ 40 ಮೈಕ್ರೋಗ್ರಾಂ ಹಿಡಿದರೂ ಇಡೀ ದಿನದ್ದು ಸೇರಿ 240, ಅದನ್ನೂ ಒಂದೇ ಸಲಕ್ಕೆ ಕೊಡುವುದಿಲ್ಲ, ಭಾಗ ಮಾಡಿ ಕೊಡುತ್ತಾರೆ. ಶೀಟಿನಲ್ಲಿರುವುದು ಒಂದೇ ಸಲಕ್ಕೆ 300. ದೊಡ್ಡವರು ನುಂಗುವ ಒಂದು ಮಾತ್ರೆಯಲ್ಲೇ 250 ಇರುವುದು. ಸಾಲದ್ದಕ್ಕೆ ತಾಯಿ ಸೆರಗಿನ ಗಂಟಿನಿಂದ ಹಳೇ ಸಿರಿಂಜ್ ತೆಗೆದು, ಉಗುರು ಊರಿ ಒಂದು ಗೆರೆ ತೋರಿಸುತ್ತಾಳಲ್ಲ, "ಮನೇಲಿ ಇಲ್ಲೀಗಂಟ ಹಾಕ್ತಿದ್ವಿ ಸಿಸ್ಟರ್" ಅಂತ? ಅಲ್ಲಿಗೆ ಲೋಡಿಂಗ್ ಪ್ರಶ್ನೆಯೇ ಉಳಿಯಲಿಲ್ಲ. ಮಗು ಮೊದಲಿನಿಂದಲೂ ಈ ಔಷಧಿಯ ಮೇಲೇ ಇತ್ತು.

ಚಿಕ್ಕಮ್ಮ ಹಸ್ತಪ್ರತಿಯ ಎರಡು ಕಡೆ ಪೆನ್ಸಿಲ್ ಇಟ್ಟರು. ಮೊದಲ ಕರಡಿನಲ್ಲಿ ಸಿಸ್ಟರ್ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎದೆಬಡಿತ ಎಣಿಸಿದಾಗ ತಪ್ಪು ಹೊಳೆಯುತ್ತಿತ್ತು. ಡಿಜಾಕ್ಸಿನ್ ಕೊಡುವ ಮುಂಚೆ ಹಾಗೆ ಎಣಿಸುವುದು ನಿಜ, ಬಡಿತ ತೀರ ಕಡಿಮೆಯಿದ್ದರೆ ಆ ಹೊತ್ತಿನ ಔಷಧಿ ನಿಲ್ಲಿಸುತ್ತಾರೆ. ಆದರೆ ಎದೆಬಡಿತ ಹೇಳುವುದು ಈಗಾಗಲೇ ಮೈಯೊಳಗೆ ಹೋದ ಔಷಧಿಯ ಸುದ್ದಿ. ಸಿರಿಂಜಿನಲ್ಲಿ ಎಷ್ಟಿದೆ ಎಂಬುದು ಅದಕ್ಕೇನು ಗೊತ್ತು? ಅಚ್ಚಾದ ಕಥೆಯಲ್ಲಿ ಬಡಿತ 146 ಬಂದು, ಕೊಡಬಹುದು ಎಂದೇ ಆಗುತ್ತದೆ. ಆ ಪರೀಕ್ಷೆ ದಾಟಿದ ಮೇಲೂ ಅಪಾಯ ಹಾಗೇ ನಿಂತಿದೆ. ನನಗೆ ಆ ಸಾಲು ಓದುವಾಗ ಈಗಲೂ ಕೈ ತಣ್ಣಗಾಗುತ್ತದೆ.

ಎರಡನೆಯದು ಕಿರಿಯ ಸಿಸ್ಟರ್ ಬರುವ ಜಾಗ. "ಇದು ಆರು ಎಂ.ಎಲ್. ತಾನೇ, ನೋಡೇ" ಎಂದು ಮೊದಲ ಕರಡಿನಲ್ಲಿತ್ತು. "ಹಾಗೆ ಕೇಳಿದರೆ ಯಾರಾದರೂ ಹೂಂ ಅಂತಾರೆ" ಎಂದರು ಚಿಕ್ಕಮ್ಮ. ಉತ್ತರ ಹೇಳಿಕೊಟ್ಟು ಪರೀಕ್ಷೆ ಮಾಡಿಸಿದರೆ ಎರಡು ಜೊತೆ ಕಣ್ಣು ಒಂದೇ ಜೊತೆಯಾಗಿಬಿಡುತ್ತದೆ. ಕಥೆಗಾರ್ತಿ ತಿದ್ದಿದರು. ಈಗ ಹಿರಿಯಳು ತೂಕದ ಚೀಟಿಯನ್ನೂ ಬಾಟಲಿಯನ್ನೂ ಅವಳ ಮುಂದಿಟ್ಟು "ನೀನೇ ಹಾಕು" ಎಂದಷ್ಟೇ ಹೇಳಿ ಬೇರೆ ಕಡೆ ತಿರುಗಿ ನಿಲ್ಲುತ್ತಾಳೆ. ಹುಡುಗಿ ಅಂಗೈಯಲ್ಲಿ ಪೆನ್ನಿನಿಂದ ಬರೆದು 0.6 ಎನ್ನುತ್ತಾಳೆ.

ಫೋನಿನಲ್ಲಿ ಹಿರಿಯ ಸಿಸ್ಟರ್ ಡಾಕ್ಟರಿಗೆ ತಪ್ಪು ಬರೆದಿದ್ದೀರಿ ಎನ್ನುವುದಿಲ್ಲ. "ಸರ್, ಎಂಟನೇ ಬೆಡ್ಡು, ಆರು ಕೆ.ಜಿ. ಮಗು. ಶೀಟಲ್ಲಿರೋದು ಕೆ.ಜಿ.ಗೆ ಐವತ್ತು ಮೈಕ್ರೋಗ್ರಾಂ ಬರ್ತಿದೆ. ಐದು ಇರಬೇಕಲ್ವಾ? ನಾನಿನ್ನೂ ಕೊಟ್ಟಿಲ್ಲ." ಎಬ್ಬಿಸಿದ್ದಕ್ಕೆ ಆತ ಸಿಡುಕಬಹುದು, ಆದರೆ ಕೆ.ಜಿ.ಗೆ ಐವತ್ತು ಎಂದು ಕಿವಿಗೆ ಬಿದ್ದ ಮೇಲೆ ಮಲಗಲಾರ. ಬಂದು ಹಳೆಯದಕ್ಕೆ ಅಡ್ಡಗೆರೆ ಎಳೆದು, ಹೊಸದು ಬರೆದು ಸಹಿ ಹಾಕುತ್ತಾನೆ. ಉತ್ತರ ಗೊತ್ತಿದ್ದರೂ ಸಿಸ್ಟರ್ ತಾನಾಗಿ ಸೊನ್ನೆ ಸೇರಿಸುವುದಿಲ್ಲ, ಆ ಬರಹ ತಿದ್ದಬೇಕಾದವರು ಬರೆದವರೇ.

ಒಂದು ತಪ್ಪು ಮಾತ್ರ ನಮ್ಮದು, ನಿಮ್ಮ ಪತ್ರದ ನೆಪದಲ್ಲಿ ಒಪ್ಪಿಕೊಳ್ಳುತ್ತೇನೆ. ಈ ಲೆಕ್ಕವೆಲ್ಲ ನಿಂತಿರುವುದು ಆರು ಕೆ.ಜಿ. ಎಂಬ ಒಂದು ಅಂಕಿಯ ಮೇಲೆ. ಅಂದಾಜಿನ ತೂಕವೋ, ಎರಡು ತಿಂಗಳ ಹಿಂದಿನದೋ ಆಗಿದ್ದರೆ ಇಬ್ಬರು ಸಿಸ್ಟರುಗಳೂ ಬೇರೆಬೇರೆಯಾಗಿ ಲೆಕ್ಕ ಹಾಕಿ ಒಂದೇ ತಪ್ಪಿಗೆ ಬಂದು ಸೇರುತ್ತಿದ್ದರು. ಕಥೆಗಾರ್ತಿ ಅದಕ್ಕೆ ಒಂದು ಪ್ಯಾರಾ ಬರೆದಿದ್ದರು. ಜಾಗ ಸಾಲದೆಂದು ನಾನದನ್ನು ತೆಗೆದೆ. ಅದರಲ್ಲಿ ಸಿಸ್ಟರ್ ಫೋನ್ ಮುಟ್ಟುವ ಮೊದಲು ತಾಯಿಯ ಮಡಿಲಿಂದ ಮಗುವನ್ನು ಎತ್ತಿಕೊಂಡು, ಟೋಪಿ, ಸ್ವೆಟರು, ಒದ್ದೆಬಟ್ಟೆ ಎಲ್ಲ ಬಿಚ್ಚಿ, ತಕ್ಕಡಿಯ ತಟ್ಟೆ ತಣ್ಣಗಿದೆಯೆಂದು ತನ್ನ ಕರ್ಚೀಫು ಹಾಸಿ ಸೊನ್ನೆಗೆ ತಂದುಕೊಂಡು, ಮತ್ತೆ ತೂಗುತ್ತಾಳೆ. ಮುಳ್ಳು ನಿಲ್ಲುವ ತನಕ ಮಗುವಿನ ಎರಡೂ ಕಾಲನ್ನು ಮೇಲಿನಿಂದ ಮೆಲ್ಲಗೆ, ಮುಟ್ಟದ ಹಾಗೆ, ಅಂಗೈಯಿಂದ ಕಾಯುತ್ತಿರುತ್ತಾಳೆ.

— ಸಂಪಾದಕ