ನರ ಸುಟ್ಟರೆ ಕಾಲಿಗೆ ರಕ್ತ ಎಲ್ಲಿಂದ ಬರುತ್ತದೆ? ಬನಹಟ್ಟಿಯ ನೇಕಾರರೊಬ್ಬರ ಪ್ರಕರಣ

ಮಲ್ಲಪ್ಪಣ್ಣ ಬನಹಟ್ಟಿಯವರು, ಪವರ್‌ಲೂಮ್ ನೇಕಾರರು. ವಯಸ್ಸು 48. (ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಎಡಗಾಲಿನಲ್ಲಿ ನರ ಉಬ್ಬುವ ವೆರಿಕೋಸ್ ವೇನ್ ಇದೆ, ಆ ನರವನ್ನು ಲೇಸರ್ ಬಿಸಿಯಿಂದ ಸುಟ್ಟು ಮುಚ್ಚಬೇಕು ಅಂತ ಸರ್ಜನ್ ಹೇಳಿದ್ದರು. ಇವರು ಒಪ್ಪಿರಲಿಲ್ಲ. ಹಾಗಾಗಿ ಬಾಗಲಕೋಟೆಯಲ್ಲಿ ನಾನು ಆಪ್ತಸಲಹೆ ನೀಡುವ ಕೋಣೆಗೆ ಕಳಿಸಿದ್ದರು. ಹೆಂಡತಿಯೂ ಜೊತೆಗೆ ಬಂದಿದ್ದರು.

ಕಾಲಿನ ನರ ಉಬ್ಬಿ ಹದಿನೈದು ವರ್ಷವಾಗಿತ್ತು. ಅದನ್ನು ಅವರು ರೋಗ ಅಂದುಕೊಂಡೇ ಇರಲಿಲ್ಲ. ಸಂಜೆ ಕಾಲು ಭಾರವಾಗುವುದು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಮಗ್ಗದ ಕೆಲಸದವರಿಗೆ ಇದೆಲ್ಲ ಇದ್ದದ್ದೇ ಅಂತ ಸುಮ್ನಿದ್ದರು. ಆಮೇಲೆ ಒಳಗಡೆಯ ಹರಡಿನ ಮೇಲೆ ಚರ್ಮ ಕಪ್ಪಾಯಿತು, ತುರಿಕೆ ಶುರುವಾಯಿತು. ಕೆರೆದಲ್ಲಿ ಹುಣ್ಣಾಯಿತು. ಏಳು ತಿಂಗಳಾದರೂ ಮಾಯಲಿಲ್ಲ. ಮೂರು ಸೆಂಟಿಮೀಟರ್ ಅಗಲ, ಸದಾ ಒಸರುತ್ತಿತ್ತು. ವಾಸನೆ ಬರುತ್ತದೆ ಅಂತ ಅವರು ರಾತ್ರಿ ಪಡಸಾಲೆಯಲ್ಲಿ ಒಬ್ಬರೇ ಮಲಗುತ್ತಿದ್ದರು. ಇದನ್ನು ಹೇಳಿದ್ದು ಅವರಲ್ಲ, ಅವರ ಹೆಂಡತಿ.

ಯಾಕೆ ಬೇಡ ಅಂತೀರಿ ಅಂತ ಕೇಳಿದೆ. ಅವರ ಉತ್ತರ ನೇರವಾಗಿತ್ತು. “ನರಾನ ಸುಟ್ಟ ಬಿಟ್ರ ಕಾಲಿಗೆ ರಕ್ತ ಎಲ್ಲಿಂದ ಬರತೈತ್ರಿ ಅಕ್ಕಾರ? ಇದ್ದ ಕಾಲೂ ಹೋದ್ರ ಮಗ್ಗದ ಮುಂದ ನಿಲ್ಲವ್ರು ಯಾರು?”

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಯಾರೂ ಕಾಗದಕ್ಕೆ ಸಹಿ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಅವತ್ತಿನ ಮಾತೆಲ್ಲ ಅದರ ಸುತ್ತಲೇ ನಡೆಯಿತು.

ಮೊದಲು ಹೇಳಿದ್ದು ಇದು. ಕಾಲಿಗೆ ರಕ್ತ ತರುವ ನಾಳಗಳು ಬೇರೆ, ಅವು ಧಮನಿಗಳು. ಉಬ್ಬಿರುವುದು ಅವಲ್ಲ. ಕಾಲಿಗೆ ಬಂದು ಕೆಲಸ ಮುಗಿಸಿದ ರಕ್ತವನ್ನು ವಾಪಸ್ ಹೃದಯಕ್ಕೆ ಒಯ್ಯುವ ನಾಳ ಕೆಟ್ಟಿದೆ, ನೀವು ನರ ಅನ್ನುವುದು ಅದನ್ನೇ. ಹೀಗೆ ವಾಪಸ್ ಒಯ್ಯುವ ದಾರಿ ಕಾಲಿನಲ್ಲಿ ಒಂದಲ್ಲ, ಎರಡು. ಒಂದು ಚರ್ಮದ ಕೆಳಗೇ ಹೋಗುತ್ತದೆ. ಇನ್ನೊಂದು ಆಳದಲ್ಲಿ, ಸ್ನಾಯುಗಳ ನಡುವೆ ಹೋಗುತ್ತದೆ. ಎರಡರ ನಡುವೆ ಒಂದು ಗಟ್ಟಿ ಪದರ ಇದೆ, ಇಡೀ ಕಾಲಿಗೆ ಬಿಗಿಯಾದ ಚೀಲ ತೊಡಿಸಿದ ಹಾಗೆ. ಕಾಲಿನಿಂದ ವಾಪಸ್ ಹೋಗುವ ರಕ್ತದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆಳದ ನಾಳಗಳಲ್ಲೇ ಹೋಗುತ್ತದೆ. ಚರ್ಮದ ಕೆಳಗೇ ಇರುವ, ಅಂದರೆ ಮೇಲಿನ ನಾಳದ ಪಾಲು ಉಳಿದ ಒಂದು ಮಾತ್ರ.

ಮೇಲಿನ ನಾಳಗಳಲ್ಲಿ ದೊಡ್ಡದು ಗ್ರೇಟ್ ಸಫೀನಸ್. ಪಾದದ ಮೇಲ್ಭಾಗದಲ್ಲಿ ಹುಟ್ಟಿ, ಒಳ ಹರಡಿನ ಮುಂದಿನಿಂದ ಹತ್ತಿ, ಮೊಣಕಾಲಿನ ಒಳಬದಿ ದಾಟಿ, ತೊಡೆಯ ಒಳಗಡೆಯಿಂದ ತೊಡೆಸಂದಿಗೆ ಹೋಗುತ್ತದೆ. ಅಲ್ಲಿ ಆಳದ ಫೀಮರಲ್ ನಾಳಕ್ಕೆ ಸೇರುತ್ತದೆ. ಸಣ್ಣ ಸಫೀನಸ್ ಹೊರ ಹರಡಿನ ಹಿಂದಿನಿಂದ ಮೀನಖಂಡದ ನಡುವೆ ಹತ್ತಿ ಮಂಡಿಯ ಹಿಂದೆ ಒಳಕ್ಕೆ ಇಳಿಯುತ್ತದೆ. ಮಲ್ಲಪ್ಪಣ್ಣನವರಿಗೆ ಕೆಟ್ಟಿದ್ದು ಮೊದಲನೆಯದು. ಅವರ ಕಾಲಿನ ಮೇಲೆಯೇ ಬೆರಳಿಟ್ಟು ಆ ದಾರಿ ತೋರಿಸಿದೆ.

ಇವೆರಡು ದೊಡ್ಡ ಸೇರುವೆಗಳನ್ನು ಬಿಟ್ಟು, ಮೇಲಿನ ದಾರಿಯಿಂದ ಆಳದ ದಾರಿಗೆ ಅಲ್ಲಲ್ಲಿ ಗಿಡ್ಡ ಅಡ್ಡನಾಳಗಳಿವೆ. ಆ ಗಟ್ಟಿ ಪದರವನ್ನು ತೂರಿಕೊಂಡು ಹೋಗುತ್ತವೆ. ಡಾಕ್ಟರು ಇವನ್ನು ಪರ್ಫೊರೇಟರ್ ಅನ್ನುತ್ತಾರೆ. ವಾಪಸ್ ಒಯ್ಯುವ ನಾಳಗಳ ಒಳಗೆ ರಕ್ತ ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್‌ಗಳಿವೆ. ಅಡ್ಡನಾಳಗಳಲ್ಲೂ ವಾಲ್ವ್ ಇದೆ, ಅದು ಹೊರಗಿನಿಂದ ಒಳಕ್ಕೆ ಮಾತ್ರ ತೆರೆಯುತ್ತದೆ. ನಡೆಯುವಾಗ ಮೀನಖಂಡ ಬಿಗಿದು ಆಳದ ನಾಳಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಹೋಗುತ್ತದೆ. ಸಡಿಲವಾದಾಗ ಆಳದ ನಾಳ ಖಾಲಿಯಾಗಿರುತ್ತದೆ, ಆಗ ಮೇಲಿನ ನಾಳದ ರಕ್ತವನ್ನು ಅಡ್ಡನಾಳದ ಮೂಲಕ ಒಳಗೆ ಎಳೆದುಕೊಳ್ಳುತ್ತದೆ.

ಅವರ ಮನೆಯವರಿಗೆ ಹೊಲ ಇತ್ತು, ಬಾವಿಗೆ ಪಂಪ್ ಇಳಿಸಿದ್ದರು. ಹಾಗಾಗಿ ಫುಟ್‌ವಾಲ್ವ್ ಮಾತು ತೆಗೆದೆ. ಫುಟ್‌ವಾಲ್ವ್ ಸೋರಿದರೆ ಮೋಟರ್ ನಿಲ್ಲಿಸಿದ ಕೂಡಲೇ ಪೈಪಿನ ನೀರು ಬಾವಿಗೆ ಇಳಿದುಹೋಗುತ್ತದೆ ಅಲ್ವಾ? ಅವರ ತೊಡೆಸಂದಿನ ವಾಲ್ವ್ ಹಾಗಾಗಿದೆ. ಅವರು ತಕ್ಷಣ ಹಿಡಿದುಕೊಂಡರು. “ಅಂದ್ರ ಮ್ಯಾಲಿಂದ ರಕ್ತ ಹೊಳ್ಳಿ ಕೆಳಗ ಬರಾಕತ್ತೈತಿ.”

ಹೌದು, ಅದೇ ರೋಗ. ನಾಳದ ಗೋಡೆ ಸಡಿಲಾದರೆ ನಾಳ ಅಗಲವಾಗುತ್ತದೆ, ವಾಲ್ವಿನ ಎರಡು ಎಸಳುಗಳು ಒಂದಕ್ಕೊಂದು ಮುಟ್ಟುವುದಿಲ್ಲ. ರಕ್ತ ಕೆಳಗಿಳಿದು ಮುಂದಿನ ವಾಲ್ವಿನ ಮೇಲೆ ಭಾರ ಹಾಕುತ್ತದೆ, ಆ ಜಾಗವೂ ಅಗಲವಾಗುತ್ತದೆ. ಹೀಗೆ ಒಂದಾದ ಮೇಲೊಂದು ಕೆಡುತ್ತವೆ. ಎಲ್ಲರಲ್ಲೂ ತೊಡೆಸಂದಿನಿಂದಲೇ ಶುರುವಾಗಬೇಕಿಲ್ಲ. ಕೆಲವರಲ್ಲಿ ಮೊದಲು ಕೆಳಗಿನ ಕೊಂಬೆಗಳು ಸಡಿಲಾಗಿ ಆಮೇಲೆ ಮೇಲಕ್ಕೆ ಹಬ್ಬುತ್ತದೆ. ಮನೆತನದಲ್ಲಿ ಇದ್ದವರಿಗೆ ಬರುವುದು ಜಾಸ್ತಿ. ಇವರ ಅಣ್ಣನಿಗೂ ಇತ್ತು. ನಿಂತು ಮಾಡುವ ಕೆಲಸ ಅದನ್ನು ಹೆಚ್ಚಿಸುತ್ತದೆ.

ಹಾಗಾದರೆ ಹುಣ್ಣು ಒಳ ಹರಡಿನ ಮೇಲೆಯೇ ಯಾಕೆ? ಇದಕ್ಕೆ ಉತ್ತರ ಅಡ್ಡನಾಳದಲ್ಲಿದೆ. ಅಲ್ಲಾಡದೆ ನಿಂತಾಗ ಹರಡಿನ ಬಳಿ ನಾಳದ ಒತ್ತಡ ಯಾರಿಗಾದರೂ ಸುಮಾರು 90 ಇರುತ್ತದೆ, ಬಿಪಿ ಅಳೆಯುವ ಅದೇ ಅಳತೆಯಲ್ಲಿ. ಆರೋಗ್ಯವಂತರು ಹತ್ತಾರು ಹೆಜ್ಜೆ ನಡೆದರೆ ಅದು 30ರ ಕೆಳಗೆ ಇಳಿಯುತ್ತದೆ. ವಾಲ್ವ್ ಸೋರುವವರಲ್ಲಿ ಅಷ್ಟು ಇಳಿಯುವುದಿಲ್ಲ. ಅದರ ಮೇಲೆ, ಮೇಲಿನ ನಾಳ ತುಂಬಿ ತುಂಬಿ ಅಡ್ಡನಾಳವೂ ಅಗಲವಾಗಿ ಅದರ ವಾಲ್ವ್ ಕೆಟ್ಟರೆ, ಮೀನಖಂಡ ಹಿಂಡಿದಾಗಲೆಲ್ಲ ರಕ್ತ ಹೊರಕ್ಕೆ, ಚರ್ಮದ ಕಡೆಗೆ ಚಿಮ್ಮುತ್ತದೆ. ಒಳ ಹರಡಿನ ಮೇಲೆ ಇಂಥ ಅಡ್ಡನಾಳಗಳು ಸಾಲಾಗಿವೆ. ಒತ್ತಡಕ್ಕೆ ಕೆಂಪುಕಣಗಳು ಸಣ್ಣ ನಾಳಗಳಿಂದ ಆಚೆ ಜಿನುಗುತ್ತವೆ. ಅವುಗಳ ಕಬ್ಬಿಣದ ಅಂಶ ಚರ್ಮದಲ್ಲಿ ಕೂತು ಕಪ್ಪಾಗುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಅಂಥ ಚರ್ಮ ಒಂದು ಕೆರೆತಕ್ಕೇ ಒಡೆಯುತ್ತದೆ, ಮಾಯುವುದಿಲ್ಲ. ಏಳು ತಿಂಗಳು ಮುಲಾಮು ಹಚ್ಚಿದರೂ ಒತ್ತಡ ಹಾಗೇ ಇತ್ತು.

ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತದೆ ಅಂತ ತೋರಿಸುವ ಡಾಪ್ಲರ್ ಸ್ಕ್ಯಾನಿನ ರಿಪೋರ್ಟ್ ಬಿಡಿಸಿ ಓದಿದೆವು. ರೋಗಿಯನ್ನು ನಿಲ್ಲಿಸಿ, ಮೀನಖಂಡ ಹಿಂಡಿ ಬಿಟ್ಟು, ರಕ್ತ ಎಷ್ಟು ಹೊತ್ತು ಹಿಂದಕ್ಕೆ ಇಳಿಯುತ್ತದೆ ಅಂತ ನೋಡುತ್ತಾರೆ. ಮೇಲಿನ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಇಳಿದರೆ ಸೋರಿಕೆ. ಇವರಿಗೆ ತೊಡೆಸಂದಿನಿಂದಲೇ 3 ಸೆಕೆಂಡು ಇಳಿಯುತ್ತಿತ್ತು. ನಾಳ 9 ಮಿಲಿಮೀಟರ್ ಅಗಲ. ಹುಣ್ಣಿನ ಹತ್ತಿರ ಒಂದು ಅಡ್ಡನಾಳ 4.5 ಮಿಲಿಮೀಟರ್ ಆಗಿ ಹೊರಕ್ಕೆ ಸೋರುತ್ತಿತ್ತು.

ಆದರೆ ಅವರ ಪ್ರಶ್ನೆಗೆ ನಿಜವಾದ ಉತ್ತರ ರಿಪೋರ್ಟಿನ ಬೇರೆ ಸಾಲಿನಲ್ಲಿತ್ತು. ಆಳದ ನಾಳಗಳು ಪ್ರೋಬ್ ಒತ್ತಿದಾಗ ಪೂರ್ತಿ ಚಪ್ಪಟೆಯಾಗುತ್ತವೆ, ಒಳಗೆ ಹೆಪ್ಪು ಇಲ್ಲ, ಸೋರಿಕೆ ಇಲ್ಲ ಅಂತ ಬರೆದಿತ್ತು. ಅಂದರೆ ಒಂಬತ್ತು ಪಾಲು ಒಯ್ಯುವ ದಾರಿ ಸರಿ ಇದೆ. ಮೇಲಿನದನ್ನು ಮುಚ್ಚಿದರೆ ಅದರ ರಕ್ತ ಒಳಗಿನದಕ್ಕೆ ಹೋಗುತ್ತದೆ, ಕಾಲಿಗೆ ಏನೂ ಕೊರತೆಯಾಗುವುದಿಲ್ಲ. ಒಂದು ವೇಳೆ ಹಳೆಯ ಹೆಪ್ಪಿನಿಂದ ಆಳದ ದಾರಿ ಕಟ್ಟಿಕೊಂಡಿದ್ದರೆ, ಉಬ್ಬಿದ ನಾಳವೇ ಬದಲಿ ದಾರಿಯಾಗಿರಬಹುದು. ಅಂಥವರಿಗೆ ಅದನ್ನು ಸುಟ್ಟರೆ ಊತ, ನೋವು ಹೆಚ್ಚಾಗಬಹುದು. ಆದ್ದರಿಂದ ನಿಮ್ಮ ಭಯ ಸುಳ್ಳಲ್ಲ, ಆದರೆ ನಿಮ್ಮ ಕಾಲಿಗೆ ಅದು ಅನ್ವಯಿಸುವುದಿಲ್ಲ ಅಂತ ಹೇಳಿದೆ. ಈ ಒಂದು ಸಾಲು ನೋಡದೆ ಯಾರಾದರೂ ಲೇಸರ್ ಮಾಡಿಸಿಕೊಳ್ಳಿ ಅಂದರೆ ಒಪ್ಪಬೇಡಿ.

ಎರಡನೇ ಅನುಮಾನ ಹೆಂಡತಿಯದು. “ನಮ್ಮ ಭಾವಾರಿಗೆ ಆಪರೇಷನ್ ಮಾಡಿದ್ರ ಮತ್ತ ಬಂದಾವಲ್ರೀ?” ಅಣ್ಣನಿಗೆ ಸ್ಕ್ಯಾನ್ ಇಲ್ಲದೆ, ಕಣ್ಣಿಗೆ ಕಂಡ ಉಬ್ಬುಗಳನ್ನಷ್ಟೇ ತೆಗೆದಿದ್ದರಂತೆ. ಮೇಲಿನ ಸೋರಿಕೆ ಹಾಗೇ ಬಿಟ್ಟರೆ ಕೆಳಗೆ ಹೊಸ ಉಬ್ಬು ಬರುವುದೇ ಹೆಚ್ಚು. ಸರಿಯಾಗಿ ಮಾಡಿದರೂ ವರ್ಷಗಳ ನಂತರ ಕೆಲವರಿಗೆ ಮರಳಿ ಬರುವುದುಂಟು. ಅದನ್ನು ಮುಚ್ಚಿಡಲಿಲ್ಲ.

ಸರ್ಜನ್ ಹೇಳಿದ ಕ್ರಮವನ್ನು ಬಿಡಿಸಿ ಹೇಳಿದೆ. ಮೊಣಕಾಲಿನ ಹತ್ತಿರ ಸೂಜಿಯಿಂದ ತೆಳು ಎಳೆ ತೂರಿಸಿ, ತೊಡೆಸಂದಿನ ಸ್ವಲ್ಪ ಕೆಳಗಿನಿಂದ ಶುರುಮಾಡಿ ಬಿಸಿಯಿಂದ ನಾಳ ಮುಚ್ಚುತ್ತಾ ಬರುತ್ತಾರೆ. ಸುತ್ತ ಮರಗಟ್ಟಿಸುವ ಔಷಧ ಹಾಕುತ್ತಾರೆ, ಅವತ್ತೇ ನಡೆಯಬಹುದು. ಮೊಣಕಾಲಿನ ಕೆಳಗೆ ಹೆಚ್ಚು ದೂರ ಸುಡುವುದಿಲ್ಲ, ಅಲ್ಲಿ ಸ್ಪರ್ಶ ತಿಳಿಸುವ ನಿಜವಾದ ನರ ನಾಳಕ್ಕೆ ಅಂಟಿಕೊಂಡಂತೆ ಇರುತ್ತದೆ, ಬಿಸಿ ಅದಕ್ಕೂ ತಾಗಬಹುದು. ಅಡ್ಡನಾಳಕ್ಕೆ ಮೊದಲೇ ಕೈಹಾಕಬೇಕಿಲ್ಲ. ಮೇಲಿನ ಸೋರಿಕೆ ನಿಂತ ಮೇಲೆ ಎಷ್ಟೋ ಅಡ್ಡನಾಳಗಳು ತಾವಾಗಿ ಕಿರಿದಾಗುತ್ತವೆ. ಹುಣ್ಣು ಮಾಯಲಿ, ಆಮೇಲೆ ನೋಡೋಣ ಅನ್ನುವುದೂ ಬೇಡ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಎಲ್ಲರಿಗೂ ನಾಳಗಳನ್ನು ಹೊರಗಿನಿಂದ ಒತ್ತಿ ಹಿಡಿಯುವ ಬಿಗಿಪಟ್ಟಿ ಕಟ್ಟಿದ್ದರು. ನಾಳವನ್ನು ಬೇಗ ಮುಚ್ಚಿದವರ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಯಿತು, ತಡಮಾಡಿದವರಲ್ಲಿ ಅದಕ್ಕೆ 82 ದಿನ ಬೇಕಾಯಿತು.

ಪಟ್ಟಿಯ ವಿಷಯದಲ್ಲಿ ಇವರು ಒಂದು ಅಪಾಯ ಮಾಡಿಕೊಂಡಿದ್ದರು. ಮಂಡಿಯ ಕೆಳಗೆ ಮಾತ್ರ ಬಿಗಿಯಾಗಿ ಪಟ್ಟಿ ಸುತ್ತುತ್ತಿದ್ದರು. ಅದು ರಕ್ತವನ್ನು ಕೆಳಗೇ ತಡೆಯುತ್ತದೆ. ಪಟ್ಟಿ ಬೆರಳುಗಳ ಬುಡದಿಂದ ಶುರುವಾಗಬೇಕು, ಹರಡಿನ ಬಳಿ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ. ಕಟ್ಟುವ ಮೊದಲು ಕಾಲಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸಿ ನೋಡಬೇಕು, ಧಮನಿ ಕಟ್ಟಿಕೊಂಡಿದ್ದರೆ ಬಿಗಿಪಟ್ಟಿಯೇ ಕಾಲಿಗೆ ಕುತ್ತು. ಇವರದು ಸರಿ ಇತ್ತು.

ಮಗ್ಗ ಬಿಡಿ ಅಂತ ನಾನು ಹೇಳಲಿಲ್ಲ. ಮಗ್ಗ ನಿಂತರೆ ಅವರ ಕೂಲಿ ನಿಲ್ಲುತ್ತದೆ. ಒಂದೇ ಕಡೆ ನಿಂತಾಗ ಆಗಾಗ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲಿ, ಒಂದು ಮಗ್ಗದಿಂದ ಇನ್ನೊಂದಕ್ಕೆ ಓಡಾಡಿ, ಊಟದ ಹೊತ್ತಿಗೆ ಅರ್ಧ ಗಂಟೆ ಮಲಗಿ ಕಾಲನ್ನು ಎದೆಗಿಂತ ಮೇಲೆ ಇಡಿ ಅಂದೆ. ಉಬ್ಬಿದ ನಾಳ ಒಡೆದು ರಕ್ತ ಸುರಿದರೆ ಕೂಡಲೇ ಮಲಗಿಸಿ, ಕಾಲೆತ್ತಿ, ಬಟ್ಟೆಯಿಂದ ಗಟ್ಟಿ ಒತ್ತಿ ಹಿಡಿಯಲು ಹೆಂಡತಿಗೆ ತೋರಿಸಿಕೊಟ್ಟೆ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋವಾದರೆ, ಇಲ್ಲವೇ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ ಅಂದೆ. ಖರ್ಚಿನ ಬಗ್ಗೆ, ಸರ್ಕಾರಿ ಆರೋಗ್ಯ ಯೋಜನೆಯ ನೆರವಿಗೆ ದಾರಿ ತೋರಿಸುವ ಆರೋಗ್ಯಮಿತ್ರರನ್ನು ಭೇಟಿ ಮಾಡಿಸಿದೆ.

ಅವರು ಒಪ್ಪಿಕೊಂಡರು, ಲೇಸರ್ ಆಯಿತು. ಮೂರನೇ ತಿಂಗಳಿಗೆ ಹುಣ್ಣು ಮುಚ್ಚಿತು. ಕಪ್ಪು ಕಲೆ ಉಳಿದಿದೆ, ಅದು ಪೂರ್ತಿ ಹೋಗುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಮರುಸ್ಕ್ಯಾನಿನಲ್ಲಿ ಅಡ್ಡನಾಳ 3 ಮಿಲಿಮೀಟರಿಗೆ ಇಳಿದಿತ್ತು, ಸೋರಿಕೆ ಕಂಡೂ ಕಾಣದಷ್ಟು. ಸರ್ಜನ್ ಅದನ್ನು ಹಾಗೇ ಬಿಟ್ಟು ಕಾಯೋಣ ಅಂದರು. ಪಟ್ಟಿಯ ಬದಲು ಈಗ ಹಾಕುವ ಬಿಗಿ ಕಾಲುಚೀಲ ಬೇಸಿಗೆಯಲ್ಲಿ ಸೆಕೆಯಾಗುತ್ತದೆ, ಬಿಡಲೇ ಅಂತ ಮಲ್ಲಪ್ಪಣ್ಣ ಫೋನ್ ಮಾಡಿ ಕೇಳಿದರು. ರಾತ್ರಿ ಮಲಗುವಾಗ ತೆಗೆಯಿರಿ, ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಿ, ಆರು ತಿಂಗಳಿಗೊಮ್ಮೆ ಹೊಸದು ಕೊಳ್ಳಿ, ಎಲಾಸ್ಟಿಕ್ ಸಡಿಲಾದರೆ ಹಾಕಿದರೂ ಪ್ರಯೋಜನವಿಲ್ಲ ಅಂದೆ.