ಏಳು ಕಾಲಂಗಳ ಕೋಷ್ಟಕ, ಅಂಗೈ ಅಗಲದ ಪರದೆ

“ಅಂಚೆ ಕಚೇರಿಯ ಐದು ಉಳಿತಾಯ ಯೋಜನೆಗಳನ್ನು ಹೋಲಿಸಿ ಏಳು ಕಾಲಂಗಳ ಕೋಷ್ಟಕ ಕಳಿಸಿದ್ದೆ. ಫೋನಿನಲ್ಲಿ ಓದಲಾಗದು ಎಂದಿರಿ. ಪ್ರತಿ ಸಾಲನ್ನೂ ಒಡೆದು ಬುಲೆಟ್‌ಗಳಾಗಿ ಬರೆದು ಕಳಿಸಿದೆ. ಅದನ್ನೂ ಹಿಂದಿರುಗಿಸಿದ್ದೀರಿ. ತಪ್ಪೇನು?”

ನೀವು ಕೋಷ್ಟಕವನ್ನು ಒಡೆದಿದ್ದೀರಿ, ಮತ್ತೆ ಬರೆದಿಲ್ಲ. ಸುಕನ್ಯಾ ಸಮೃದ್ಧಿಯ ಕೆಳಗೆ “21 ವರ್ಷ”, “250”, “1.5 ಲಕ್ಷ”, “✓” ಎಂದು ನಾಲ್ಕು ಬುಲೆಟ್‌ಗಳಿವೆ. ಕೋಷ್ಟಕದಲ್ಲಿ ಇವಕ್ಕೆ ಅರ್ಥ ಕೊಡುತ್ತಿದ್ದದ್ದು ನೆತ್ತಿಯ ಮೇಲಿನ ಶೀರ್ಷಿಕೆ. ಅದನ್ನು ಅಲ್ಲಿಯೇ ಬಿಟ್ಟು ಬಂದಿರಿ. ಯಾವುದಕ್ಕೆ ✓?

ಶೀರ್ಷಿಕೆಯನ್ನು ಪ್ರತಿ ಬುಲೆಟ್‌ಗೂ ಅಂಟಿಸಿದರೆ ಸಾಕು ಎಂದುಕೊಳ್ಳಬೇಡಿ. “ಗರಿಷ್ಠ ಮಿತಿ” ಎಂಬ ನಿಮ್ಮ ಕಾಲಂ ನೋಡಿ. ಪಿಪಿಎಫ್‌ನ 1.5 ಲಕ್ಷ ಒಂದು ವರ್ಷದ ಮಿತಿ. ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಖಾತೆಗಿರುವ 9 ಲಕ್ಷ ಒಟ್ಟು ಠೇವಣಿಯ ಮಿತಿ. ಒಂದೇ ಶೀರ್ಷಿಕೆಯಡಿ ಎರಡು ಬೇರೆ ಲೆಕ್ಕಗಳು ಪಕ್ಕಪಕ್ಕ ಕುಳಿತಿದ್ದವು. ಚೌಕದೊಳಗೆ ಇಂಥ ಎಡವಟ್ಟು ಕಾಣುವುದಿಲ್ಲ, ವಾಕ್ಯ ಮಾಡಲು ಹೊರಟ ಕೂಡಲೇ ಹೊರಬೀಳುತ್ತದೆ. “ಅವಧಿ”ಯ ಕಥೆಯೂ ಅದೇ. ಸುಕನ್ಯಾ ನಮೂದು ಹೀಗಿರಲಿ:

ಸುಕನ್ಯಾ ಸಮೃದ್ಧಿ
- ಯಾರ ಹೆಸರಿನಲ್ಲಿ: 10 ವರ್ಷ ತುಂಬದ ಹೆಣ್ಣು ಮಗು
- ಕಟ್ಟುವ ಹಣ: ವರ್ಷಕ್ಕೆ 250 ರೂಪಾಯಿಯಿಂದ 1.5 ಲಕ್ಷದವರೆಗೆ
- ಕಟ್ಟಬೇಕಾದ ಕಾಲ: 15 ವರ್ಷ
- ಖಾತೆ ಮುಗಿಯುವುದು: ತೆರೆದ 21 ವರ್ಷಕ್ಕೆ
- ತೆರಿಗೆ: ಹಳೆಯ ತೆರಿಗೆ ಪದ್ಧತಿಯಲ್ಲಿ ಕಟ್ಟಿದ ಹಣಕ್ಕೆ ಕಡಿತ ಸಿಗುತ್ತದೆ

“ಯಾರ ಹೆಸರಿನಲ್ಲಿ” ಎಂಬುದನ್ನು ಬೇಕೆಂದೇ ಮೊದಲಿಟ್ಟೆ. ಮನೆಯಲ್ಲಿ ಹೆಣ್ಣು ಮಗುವಿಲ್ಲದವರು ಅಲ್ಲಿಂದಲೇ ಮುಂದಿನ ಯೋಜನೆಗೆ ಜಾರಬಹುದು. ಐದೂ ನಮೂದುಗಳಲ್ಲಿ ಇದೇ ಕ್ರಮ ಇರಲಿ. ನೀವು ಒಂದರಲ್ಲಿ ತೆರಿಗೆಯನ್ನು ಮೇಲಿಟ್ಟು, ಇನ್ನೊಂದರಲ್ಲಿ ಕೆಳಗಿಟ್ಟಿದ್ದೀರಿ. ಹೆಬ್ಬೆರಳಿನಲ್ಲಿ ಸರಿಸುತ್ತ ಓದುವವರು ಹುಡುಕುತ್ತ ಕೂರುವುದಿಲ್ಲ.

ಇನ್ನು ಕತ್ತರಿ. “ಎಲ್ಲಿ ತೆರೆಯಬಹುದು: ಅಂಚೆ ಕಚೇರಿ” ಎಂದು ಐದು ಸಲ ಬರೆದಿದ್ದೀರಿ, ಪೀಠಿಕೆಯಲ್ಲಿ ಒಮ್ಮೆ ಸಾಕು. ಗೆರೆ ಎಳೆದು ಖಾಲಿ ಬಿಟ್ಟ ಚೌಕಗಳಿಗೆ ಬುಲೆಟ್ ಬೇಡ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಐದೂ ದರಗಳು ಒಂದೇ ಕಡೆ, ಯಾವ ತ್ರೈಮಾಸಿಕದ್ದು ಎಂಬ ಉಲ್ಲೇಖದೊಂದಿಗೆ ಇರಲಿ. ಆಗ ತಿದ್ದುವುದೂ ಸುಲಭ.

ಹೀಗೆ ಪೇರಿಸಿದಾಗ ನಷ್ಟವೂ ಇದೆ: ಐದನ್ನೂ ಒಟ್ಟಿಗೆ ಕಣ್ಣಾಡಿಸಿ ನೋಡುವುದು ತಪ್ಪುತ್ತದೆ. ನಿವೃತ್ತರು ಮೊದಲು ಕೇಳುವುದು ಬಡ್ಡಿ ಯಾವಾಗ ಕೈಗೆ ಬರುತ್ತದೆ ಎಂದು. ಅದೊಂದನ್ನು ಮಾತ್ರ ಎರಡು ಕಾಲಂಗಳ ಪುಟ್ಟ ಕೋಷ್ಟಕವಾಗಿ ನಮೂದುಗಳ ಮೇಲೆ ಉಳಿಸಿ: ಮಾಸಿಕ ಆದಾಯ ಯೋಜನೆಗೆ “ತಿಂಗಳಿಗೊಮ್ಮೆ”, ಹಿರಿಯ ನಾಗರಿಕರ ಯೋಜನೆಗೆ “ಮೂರು ತಿಂಗಳಿಗೊಮ್ಮೆ”, ಉಳಿದ ಮೂರಕ್ಕೆ “ಕೊನೆಯಲ್ಲಿ”. ಇಷ್ಟು ಅಗಲ ಫೋನಿನಲ್ಲಿ ಹಿಡಿಸುತ್ತದೆ.

ತಿದ್ದಿದ್ದನ್ನು ನಿಮ್ಮದೇ ಫೋನಿನಲ್ಲಿ ತೆರೆದು ನೋಡಿ. ಒಂದು ನಮೂದು ಒಂದು ಪರದೆಯನ್ನು ಮೀರಿದರೆ ಇನ್ನೂ ಕತ್ತರಿಸಿ, ಆಮೇಲೆ ಕಳಿಸಿ.