ಹವೆ ಚೆನ್ನಾಗಿದ್ದರೂ ರಾತ್ರಿ ವಿಮಾನ ರದ್ದಾಗುವುದು: ಕ್ರೂ ಡ್ಯೂಟಿ ಲೆಕ್ಕ

«ಆಕಾಶ ಶುಭ್ರವಾಗಿತ್ತು, ವಿಮಾನ ಗೇಟಿನಲ್ಲೇ ಇತ್ತು, ಪೈಲಟ್‌ಗಳೂ ಕಣ್ಣೆದುರೇ ನಿಂತಿದ್ದರು. ಮೂರು ಸಲ ತಡ ಅಂದರು, ರಾತ್ರಿ ಹನ್ನೊಂದಕ್ಕೆ ಕ್ರೂ ಟೈಮ್ ಮುಗೀತು ಅಂತ ರದ್ದು ಮಾಡಿದರು. ಇದು ನೆಪ ತಾನೆ?»

ನೆಪ ಅಲ್ಲ ಸರ್. ನಾನು ಏಳು ವರ್ಷ ಒಂದು ವಿಮಾನ ಸಂಸ್ಥೆಯಲ್ಲಿ ಪೈಲಟ್, ಸಿಬ್ಬಂದಿಯ ಪಾಳಿ ನೋಡಿಕೊಳ್ಳುವ ಕ್ರೂ ಕಂಟ್ರೋಲ್‌ನಲ್ಲಿ ರಾತ್ರಿ ಪಾಳಿ ಮಾಡಿದವನು. ನೀವು ಹೇಳಿದಂಥ ರಾತ್ರಿಗಳು ನನಗೆ ಲೆಕ್ಕವಿಲ್ಲದಷ್ಟು ಆಗಿವೆ. ಪೈಲಟ್ ಎದುರಿಗೇ ನಿಂತಿರುವಾಗ ಟೈಮ್ ಮುಗಿಯಿತು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ಗಡುವು ಇಲ್ಲಿಂದ ಹೊರಡುವುದಕ್ಕೆ ಇರುವುದಲ್ಲ. ವಿಮಾನ ಆ ಕಡೆ ಇಳಿದು, ಗೇಟಿಗೆ ಹೋಗಿ ನಿಲ್ಲುವ ಹೊತ್ತು ಗಡುವಿನೊಳಗೆ ಬರಬೇಕು. ಹಾಗಾಗಿ ಪೈಲಟ್ ಹತ್ತಿರ ಇನ್ನೂ ಎರಡು ಗಂಟೆ ಉಳಿದಿರುತ್ತದೆ, ಹಾರಾಟಕ್ಕೆ ಎರಡು ಗಂಟೆ ಹತ್ತು ನಿಮಿಷ ಬೇಕಿರುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ಮೇಲೆ ಒಬ್ಬರು «ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ, ಅದು ಮುಗಿದಿರುತ್ತೆ» ಎಂದು ಬರೆದಿದ್ದಾರೆ. ಅರ್ಧ ಸರಿ. ಹಾರಾಟದ ಗಂಟೆಗಳಿಗೆ ಅಂಥ ಮಿತಿ ಇದೆ. ಅಮೆರಿಕದ ನಿಯಮದಲ್ಲಿ ಇಬ್ಬರೇ ಪೈಲಟ್ ಇದ್ದರೆ, ಕೆಲಸ ಶುರುವಾದ ಹೊತ್ತು ನೋಡಿ 8 ಅಥವಾ 9 ಗಂಟೆ. ಆದರೆ ಗೇಟಿನಲ್ಲಿ ಕಾಯುವಾಗ ಹಾರಾಟದ ಗಂಟೆ ಖರ್ಚಾಗುವುದಿಲ್ಲ. ಖರ್ಚಾಗುವುದು ಡ್ಯೂಟಿ ಅವಧಿ. ಪೈಲಟ್ ವಿಮಾನ ನಿಲ್ದಾಣದಲ್ಲಿ ಹಾಜರಿ ಹಾಕಿದ ಕ್ಷಣದಿಂದ, ದಿನದ ಕೊನೆಯ ವಿಮಾನ ಗೇಟಿಗೆ ನಿಲ್ಲುವವರೆಗೆ ಆ ಗಡಿಯಾರ ಓಡುತ್ತಲೇ ಇರುತ್ತದೆ. ಚಹಾ ಕುಡಿಯುವಾಗಲೂ, ಟೈರ್ ಬದಲಿಸುವುದನ್ನು ನೋಡುತ್ತ ನಿಂತಾಗಲೂ ಓಡುತ್ತದೆ. ನಾನು ಕಂಡ ತಡರಾತ್ರಿಯ ರದ್ದತಿಗಳಲ್ಲಿ ಹೆಚ್ಚಿನವು ಈ ಗಡಿಯಾರದಿಂದಲೇ ಆದವು.

ಆ ಅವಧಿ ಎಷ್ಟು ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೆ ಎಷ್ಟು ಗಂಟೆಗೆ ಹಾಜರಾದರು, ಎಷ್ಟು ಲೆಗ್ ಹಾರಿಸಬೇಕು ಎಂಬ ಎರಡು ವಿಷಯ ಮುಖ್ಯ. ಒಂದು ಸಲ ಹಾರಿ ಇಳಿದರೆ ಒಂದು ಲೆಗ್. ಅಮೆರಿಕದ ಪಟ್ಟಿಯಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 12ರೊಳಗೆ ಶುರು ಮಾಡಿ ಒಂದೆರಡು ಲೆಗ್ ಹಾರಿಸುವವರಿಗೆ 14 ಗಂಟೆ ಸಿಗುತ್ತದೆ. ಮಧ್ಯರಾತ್ರಿ ಕಳೆದು, 4ಕ್ಕೆ ಮೊದಲು ಶುರು ಮಾಡಿದವರಿಗೆ 9 ಮಾತ್ರ. ದೇಹ ನಿದ್ದೆ ಕೇಳುವ ಹೊತ್ತಿಗೆ ನಿಯಮವೂ ಬಿಗಿಯಾಗುತ್ತದೆ.

ಒಂದು ರಾತ್ರಿಯನ್ನು ನಿಮಿಷ ನಿಮಿಷವಾಗಿ ಬಿಡಿಸಿ ಹೇಳುತ್ತೇನೆ. ನಾನು ನೋಡಿದ್ದನ್ನು ಅದೇ ಅಮೆರಿಕದ ಅಂಕಿಗಳಿಗೆ ಕೂರಿಸಿದ್ದೇನೆ. ಕ್ರೂ ಹಾಜರಾದದ್ದು ಮಧ್ಯಾಹ್ನ 1ಕ್ಕೆ, ನಾಲ್ಕು ಲೆಗ್. ಮಿತಿ 12 ಗಂಟೆ, ಅಂದರೆ ರಾತ್ರಿ 1ಕ್ಕೆ ಎಲ್ಲವೂ ಮುಗಿದಿರಬೇಕು. ಕೊನೆಯ ಲೆಗ್ 9:30ಕ್ಕೆ ಹೊರಟು 11:40ಕ್ಕೆ ತಲುಪಬೇಕಿತ್ತು. ಕೈಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಉಳಿತಾಯ. ಮಧ್ಯಾಹ್ನದ ಮೊದಲ ಲೆಗ್‌ಗೆ, ಇಳಿಯಬೇಕಿದ್ದ ಊರಿನ ಮೇಲೆ ಗುಡುಗು ಮಳೆ, 50 ನಿಮಿಷ ತಡ. ಸಂಜೆ ಆರರ ಹೊತ್ತಿಗೆ ಆ ಮಳೆ ಪೂರ್ತಿ ಹೋಗಿತ್ತು. ನೀವು ರಾತ್ರಿ ಶುಭ್ರ ಆಕಾಶ ನೋಡಿದ್ದು ನಿಜವೇ, ಆದರೆ ನಿಮ್ಮ ವಿಮಾನ ಎಂಟು ಗಂಟೆ ಹಿಂದೆ ಬೇರೆ ಊರಿನಲ್ಲಿ ನೆನೆದಿರಬಹುದು. ಮುಂದಿನ ನಿಲ್ದಾಣದಲ್ಲಿ ಓಡಾಡಿ 10 ನಿಮಿಷ ಉಳಿಸಿದರು. ಮೂರನೇ ಲೆಗ್‌ಗೆ ಮೊದಲು ಟೈರ್ ಸವೆದಿರುವುದು ಕಂಡಿತು, ಬದಲಿಸಲು 45 ನಿಮಿಷ. ಒಟ್ಟು ತಡ 85 ನಿಮಿಷ. ಕೊನೆಯ ಲೆಗ್ 10:55ಕ್ಕೆ ಹೊರಡುವ ಅಂದಾಜು.

ಈಗ ಹಿಂದಕ್ಕೆ ಎಣಿಸಿ. ರಾತ್ರಿ 1ರಿಂದ ಎರಡು ಗಂಟೆ ಹತ್ತು ನಿಮಿಷ ಕಳೆದರೆ 10:50. ಐದೇ ನಿಮಿಷ ಮೀರಿತು!

ಐದು ನಿಮಿಷಕ್ಕೆಲ್ಲ ರದ್ದು ಮಾಡುವುದಿಲ್ಲ. ಅನಿರೀಕ್ಷಿತ ಕಾರಣವಿದ್ದರೆ ಕ್ಯಾಪ್ಟನ್ ಒಪ್ಪಿಗೆಯ ಮೇಲೆ 2 ಗಂಟೆವರೆಗೆ ಎಕ್ಸ್‌ಟೆನ್ಷನ್ ಇದೆ. ಆದರೆ 30 ನಿಮಿಷಕ್ಕಿಂತ ಹೆಚ್ಚಿನದನ್ನು ಒಮ್ಮೆ ಬಳಸಿದರೆ, 30 ಗಂಟೆಯ ದೊಡ್ಡ ವಿಶ್ರಾಂತಿ ಸಿಗುವವರೆಗೆ ಮತ್ತೆ ಬಳಸುವಂತಿಲ್ಲ. ಆ ಕ್ಯಾಪ್ಟನ್ ಎರಡು ದಿನ ಹಿಂದೆಯೇ ಒಂದು ಗಂಟೆ ಬಳಸಿದ್ದರು. ಉಳಿದದ್ದು 30 ನಿಮಿಷ. ಅವರು ಒಪ್ಪಿದರು, ಹೊರಡುವ ಗಡುವು 11:20ಕ್ಕೆ ಸರಿಯಿತು. ಹತ್ತಿಸಿದೆವು. ಒಬ್ಬ ಪ್ರಯಾಣಿಕರು ಬರಲಿಲ್ಲ, ಅವರ ಬ್ಯಾಗ್ ಹುಡುಕಿ ಇಳಿಸುವಷ್ಟರಲ್ಲಿ ಗಂಟೆ 11:14. ಹೊರಟರು. ರನ್‌ವೇ ಮುಂದೆ ಸಾಲು. ಆ ಎರಡು ಗಂಟೆ ಹತ್ತು ನಿಮಿಷದಲ್ಲಿ ಟ್ಯಾಕ್ಸಿಗೆ, ಅಂದರೆ ವಿಮಾನ ನೆಲದ ಮೇಲೆ ಓಡುವುದಕ್ಕೆ ಇಟ್ಟಿದ್ದಕ್ಕಿಂತ ಹತ್ತು ನಿಮಿಷ ಹೆಚ್ಚು ಕಾಯಬೇಕೆಂದು ಟವರ್ ಹೇಳಿತು. ತಲುಪುವುದು 1:34. ಟೇಕಾಫ್ ಆದ ಮೇಲೆ ಏನಾದರೂ ಅಡ್ಡಿಯಾದರೆ ಹೋಗಿ ಇಳಿಯಲು ನಿಯಮ ಬಿಡುತ್ತದೆ. ಟೇಕಾಫ್‌ಗೆ ಮೊದಲೇ ಮೀರುತ್ತದೆ ಎಂದು ಗೊತ್ತಾದರೆ ಬಿಡುವುದಿಲ್ಲ. ನೂರಾರು ಜನರನ್ನು ಕೂರಿಸಿಕೊಂಡು ವಿಮಾನ ಗೇಟಿಗೆ ವಾಪಸ್ ಬಂತು. ಆ ರಾತ್ರಿ ನನಗೆ ಇನ್ನೂ ನೋವು ಕೊಡುತ್ತದೆ, ಆದರೂ ಕ್ಯಾಪ್ಟನ್ ಮಾಡಿದ್ದು ಸರಿ ಎಂದೇ ನಾನು ಹೇಳುವುದು.

«ಬೇರೆ ಪೈಲಟ್ ಕರೆಸಬಹುದಿತ್ತಲ್ಲ» ಎಂದು ಕೇಳಿದ ಅಕ್ಕನಿಗೆ: ಸ್ಟ್ಯಾಂಡ್‌ಬೈ ಪೈಲಟ್‌ಗಳು ಇರುವುದು ಸಂಸ್ಥೆಯ ಬೇಸ್‌ಗಳಲ್ಲಿ, ಅಂದರೆ ಕ್ರೂ ನೆಲೆಸಿರುವ ಊರುಗಳಲ್ಲಿ. ಉಳಿದ ಊರುಗಳಲ್ಲಿ ಸಾಮಾನ್ಯವಾಗಿ ಒಬ್ಬರೂ ಇರುವುದಿಲ್ಲ. ಬೇಸ್‌ನಲ್ಲೂ, ಮಧ್ಯಾಹ್ನ ಮಳೆಯಾದ ದಿನ ಸಂಜೆಯ ಹೊತ್ತಿಗೆ ಅವರೆಲ್ಲ ಖರ್ಚಾಗಿರುತ್ತಾರೆ. ಉಳಿದವರಿಗೂ ಗಡಿಯಾರ ಇದೆ. ಬೆಳಿಗ್ಗೆ 10ರಿಂದ ಮನೆಯಲ್ಲಿ ಫೋನಿಗೆ ಕಾದವರಿಗೆ ಕಾದ ಹೊತ್ತೂ ಸೇರಿ ಹೆಚ್ಚೆಂದರೆ 16 ಗಂಟೆ, ಅಂದರೆ ರಾತ್ರಿ 2. ಅವರು ಮನೆಯಿಂದ ಬಂದು ವಿಮಾನ ಹೊರಡುವಾಗ 12 ದಾಟಿದರೆ ಎರಡು ಗಂಟೆ ಹಾರಾಟ ಎಲ್ಲಿ ಹಿಡಿಸುತ್ತದೆ?

ಮಳೆಯಿಂದ ರದ್ದಾದ ಟಿಕೆಟ್ ಹಣದ ಬಗ್ಗೆ ಬರೆದವರಿಗೆ ಒಂದು ಮಾತು. ನಿಮ್ಮದು ಬೇರೆ ವಿಷಯ, ಆದರೆ ಕೊಂಡಿ ಇದೆ. ಮಧ್ಯಾಹ್ನದ ಮಳೆಯಿಂದ ರಾತ್ರಿ ಕ್ರೂ ಟೈಮ್ ಮುಗಿದರೆ ಅದನ್ನು ಹವೆಯ ಖಾತೆಗೆ ಬರೆಯಬೇಕೋ ಸಂಸ್ಥೆಯ ಖಾತೆಗೋ ಎಂಬ ಜಗಳ ನಾನಿದ್ದಷ್ಟು ದಿನವೂ ಬಗೆಹರಿಯಲಿಲ್ಲ. ಕಾರಣವನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಮೂರು ಸಲ ತಡ ಎಂದು ಹೇಳಿ ಕೊನೆಗೆ ರದ್ದು ಮಾಡಿದ್ದೇಕೆ? ಆ ಗಡುವಿನವರೆಗೂ ನಾವು ನಿಜವಾಗಿಯೂ ಪ್ರಯತ್ನ ಮಾಡುತ್ತಿರುತ್ತೇವೆ. ಆದರೆ ಗಡುವು ಎಷ್ಟು ಗಂಟೆಗೆ ಎಂದು ಪ್ರಯಾಣಿಕರಿಗೆ ಹೇಳದೆ ಇರುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. 10:50 ಎಂದು ಒಂಬತ್ತಕ್ಕೇ ಹೇಳಿದ್ದರೆ ಎಷ್ಟೋ ಜನ ಬೆಳಗಿನ ವಿಮಾನದಲ್ಲಿ ಸೀಟು ಹಿಡಿಯುತ್ತಿದ್ದರು. ಮುಂದಿನ ಸಲ ಗೇಟಿನಲ್ಲಿ «ಯಾವಾಗ ಹೊರಡುತ್ತೆ» ಎಂದು ಕೇಳಬೇಡಿ. «ಈ ಕ್ರೂ ಕೊನೆಯ ಪಕ್ಷ ಎಷ್ಟು ಗಂಟೆಗೆ ಹೊರಡಲೇಬೇಕು» ಎಂದು ಕೇಳಿ. ಗೇಟಿನವರಿಗೆ ಗೊತ್ತಿಲ್ಲದಿದ್ದರೆ ಕಂಟ್ರೋಲ್‌ಗೆ ಫೋನ್ ಮಾಡಿ ತಿಳಿಯಬಹುದು. ಆಮೇಲೆ ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ನಿಮ್ಮ ವಿಮಾನ ಎಲ್ಲಿಂದ ಬರುತ್ತಿದೆ ನೋಡಿ. ಅದು ಆ ಗಡುವಿಗೆ 40 ನಿಮಿಷ ಮೊದಲು ಗೇಟಿಗೆ ಬರದಿದ್ದರೆ ನಾನಾಗಿದ್ದರೆ ಆಗಲೇ ಬದಲಿ ಹುಡುಕುತ್ತಿದ್ದೆ.

ಇನ್ನೊಂದು, ಬೆಳಿಗ್ಗೆ ಏಳರ ವಿಮಾನ ಹಿಡಿಯುವಾಗ ಅದರ ಕ್ರೂ ರಾತ್ರಿ ಯಾವಾಗ ಬಂದರು ಎಂಬುದನ್ನೂ ನೋಡಿಕೊಳ್ಳಿ. ಅಮೆರಿಕದಲ್ಲಿ ಡ್ಯೂಟಿಗಳ ನಡುವೆ 10 ಗಂಟೆ ವಿಶ್ರಾಂತಿ ಕಡ್ಡಾಯ. ಅದೇ ಕ್ರೂ ರಾತ್ರಿ 1ಕ್ಕೆ ಬಿಡುಗಡೆಯಾದರೆ 11ಕ್ಕೆ ಮೊದಲು ಹಾಜರಾಗುವಂತಿಲ್ಲ.